ಎರಡು ದಿನದ ಹ್ಯಾಕಥಾನ್: ಫಲಕ, ಚೀಟಿ ಮತ್ತು ‘ತೋರಿಸಲು ಸಿದ್ಧ’



‘ಹ್ಯಾಕಥಾನ್’ ಎಂಬ ಶಬ್ದವನ್ನು ನೀವು ಕೇಳಿರಬಹುದು. ಕೆಲವರು ಒಂದೆಡೆ ಸೇರಿ, ಗೊತ್ತುಪಡಿಸಿದ ಅಲ್ಪ ಕಾಲದಲ್ಲಿ ಒಂದು ಯಂತ್ರವನ್ನೋ ಗಣಕದ ಕಾರ್ಯಕ್ರಮವನ್ನೋ ಮಾಡಿ, ಕೊನೆಗೆ ಎಲ್ಲರೆದುರು ನಡೆಸಿ ತೋರಿಸುವುದಕ್ಕೆ ಈ ಹೆಸರು. 1999ರಲ್ಲಿ ಕೆನಡಾ ದೇಶದ ಕ್ಯಾಲ್ಗರಿ ಪಟ್ಟಣದಲ್ಲಿ ಓಪನ್‌ಬಿಎಸ್‌ಡಿ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟುವವರು ಕೂಡಿ ಕೆಲಸ ಮಾಡಿದಾಗ ಈ ಶಬ್ದ ಬಳಕೆಗೆ ಬಂತು. ನಮ್ಮ ದೇಶದಲ್ಲಿ 2017ರಲ್ಲಿ ‘ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್’ ಆರಂಭವಾಯಿತು. ಅದಕ್ಕೆ ತಂಡಗಳನ್ನು ಕಳುಹಿಸುವ ಕಾಲೇಜುಗಳು ಮೊದಲು ತಮ್ಮ ವಿದ್ಯಾರ್ಥಿಗಳಿಗಾಗಿಯೇ ಒಂದು ಆಂತರಿಕ ಹ್ಯಾಕಥಾನ್ ನಡೆಸಿ ತಂಡಗಳನ್ನು ಆರಿಸುತ್ತವೆ. ಹೊರಗಿನವರಿಲ್ಲದೆ ಒಂದೇ ಸಂಸ್ಥೆಯವರು ತಮ್ಮೊಳಗೆ ನಡೆಸಿಕೊಳ್ಳುವುದರಿಂದ ಅದು ‘ಆಂತರಿಕ’. ಪ್ರೌಢಶಾಲೆಗಳಲ್ಲಿಯೂ ಇಂಥದನ್ನು ಎರಡು ದಿನಗಳ ಮಟ್ಟಿಗೆ ನಡೆಸಬಹುದು.

ಐದಾರು ತಂಡಗಳು ಏಕಕಾಲಕ್ಕೆ ಕೆಲಸಕ್ಕೆ ಕುಳಿತಾಗ ಒಂದು ತೊಡಕು ಹುಟ್ಟುತ್ತದೆ. ಯಾರ ಕೆಲಸ ಎಲ್ಲಿಗೆ ಬಂದಿದೆ ಎಂದು ಕೇಳಿದರೆ ಎಲ್ಲರೂ “ಬಹುತೇಕ ಮುಗಿಯಿತು” ಎನ್ನುತ್ತಾರೆ. ಎರಡನೆಯ ದಿನದ ಮಧ್ಯಾಹ್ನ ಎಲ್ಲರೆದುರು ನಿಂತಾಗ ದೀಪ ಹತ್ತುವುದಿಲ್ಲ, ಪರದೆಯಲ್ಲಿ ಏನೂ ಕಾಣುವುದಿಲ್ಲ. ‘ಬಹುತೇಕ’ ಎಂಬುದು ಕೆಲಸದ ಸ್ಥಿತಿಯಲ್ಲ; ಅದು ಮಾಡುವವನ ಅನಿಸಿಕೆ. ಅನಿಸಿಕೆಯ ಸ್ಥಳದಲ್ಲಿ ಸ್ಥಿತಿಯನ್ನು ಇಡುವುದು ಹೇಗೆಂಬುದೇ ಈ ಪಾಠದ ವಿಷಯ. ಇದಕ್ಕೆ ಬೇಕಾದುದು ಒಂದು ಕಪ್ಪು ಹಲಗೆ, ಸೀಮೆಸುಣ್ಣ, ಒಂದಿಷ್ಟು ಕಾಗದದ ಚೀಟಿ ಮತ್ತು ಅಂಟು, ಇಷ್ಟೇ.

ಫಲಕದ ಮೂಲ

ಕೆಲಸವನ್ನು ಚೀಟಿಯ ಮೂಲಕ ನಡೆಸುವ ಪದ್ಧತಿ ಜಪಾನಿನ ಟೊಯೋಟ ಮೋಟಾರು ಕಾರ್ಖಾನೆಯಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಎಂಜಿನಿಯರ್ ತಾಯಿಚಿ ಓನೋ ಅದನ್ನು ರೂಪಿಸಿದರು. ಒಂದು ವಿಭಾಗದಲ್ಲಿ ಬಿಡಿಭಾಗಗಳು ಖರ್ಚಾದಂತೆ ಅಲ್ಲಿಯ ಚೀಟಿ ಹಿಂದಿನ ವಿಭಾಗಕ್ಕೆ ಮರಳುತ್ತಿತ್ತು. ಚೀಟಿ ಬಂದ ಮೇಲೆಯೇ ಹಿಂದಿನವರು ಹೊಸ ಭಾಗ ಮಾಡಬೇಕು. ಚೀಟಿಯಿಲ್ಲದೆ ಮಾಡಿ ರಾಶಿ ಹಾಕುವಂತಿಲ್ಲ. ಆ ಚೀಟಿಗೆ ‘ಕಾನ್‌ಬಾನ್’ ಎಂದು ಹೆಸರು. ಜಪಾನೀ ಭಾಷೆಯಲ್ಲಿ ಈ ಶಬ್ದಕ್ಕೆ ಫಲಕ ಎಂದೇ ಅರ್ಥ. ಮುಂದೆ ಗಣಕದ ಕಾರ್ಯಕ್ರಮ ಬರೆಯುವವರೂ ಇದನ್ನು ಎತ್ತಿಕೊಂಡರು. ಇದರ ಮರ್ಮ ಎರಡೇ: ಕೆಲಸ ಕಣ್ಣಿಗೆ ಕಾಣುವಂತಿರಬೇಕು, ಕೈಯಲ್ಲಿರುವ ಕೆಲಸಕ್ಕೆ ಒಂದು ಮಿತಿ ಇರಬೇಕು.

ಹಲಗೆಗೆ ಗೆರೆ ಎಳೆಯುವ ಬಗೆ

ಹಲಗೆಯ ಮೇಲೆ ಪ್ರತಿ ತಂಡಕ್ಕೆ ಒಂದು ಅಡ್ಡಸಾಲು ಬಿಡಿ. ಮೇಲಿನಿಂದ ಕೆಳಗೆ ಗೆರೆ ಎಳೆದು ನಾಲ್ಕು ಮನೆ ಮಾಡಿ. ಎಡದಿಂದ ಬಲಕ್ಕೆ ಅವುಗಳ ಹೆಸರು ಹೀಗಿರಲಿ: ‘ಮಾಡಬೇಕು’, ‘ನಡೆದಿದೆ’, ‘ಪರೀಕ್ಷೆಗೆ’, ‘ತೋರಿಸಲು ಸಿದ್ಧ’. ಹಲಗೆಯ ಕೆಳಗೆ ಎಲ್ಲ ತಂಡಗಳಿಗೂ ಸೇರಿ ‘ಬಿಟ್ಟದ್ದು’ ಎಂದು ಒಂದು ಪಟ್ಟಿ ಇರಲಿ. ಇದಕ್ಕಿಂತ ಹೆಚ್ಚು ಮನೆಗಳು ಬೇಡ. ಮನೆಗಳು ಹೆಚ್ಚಾದರೆ ಚೀಟಿ ಎಲ್ಲಿ ಅಂಟಿಸಬೇಕೆಂಬ ಚರ್ಚೆಯಲ್ಲಿಯೇ ಹೊತ್ತು ಹೋಗುತ್ತದೆ.

ನಾಲ್ವರ ತಂಡವಾದರೆ ‘ನಡೆದಿದೆ’ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಚೀಟಿ ಇರಕೂಡದು. ಈ ನಿಯಮದ ಹಿಂದೆ ಒಂದು ಸರಳ ಲೆಕ್ಕವಿದೆ. ಮೊದಲ ದಿನ 10ರಿಂದ 1, 2ರಿಂದ 5, ಎರಡನೆಯ ದಿನ 9ರಿಂದ 12 ಕೆಲಸವೆಂದು ಹಿಡಿದರೆ ಒಟ್ಟು 9 ಗಂಟೆ ಸಿಗುತ್ತದೆ. ತಂಡವೊಂದು ಸರಾಸರಿ ಒಂದೂವರೆ ಗಂಟೆಗೆ ಒಂದು ಚೀಟಿ ಮುಗಿಸುತ್ತದೆ ಎನ್ನೋಣ. ಕೈಯಲ್ಲಿರುವ ಚೀಟಿಗಳ ಸಂಖ್ಯೆಯನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಒಂದು ಚೀಟಿ ಸರಾಸರಿ ಎಷ್ಟು ಹೊತ್ತು ಕೈಯಲ್ಲಿ ಉಳಿಯುತ್ತದೆಂದು ತಿಳಿಯುತ್ತದೆ. ಇದಕ್ಕೆ ಲಿಟಲ್‌ನ ನಿಯಮ ಎನ್ನುತ್ತಾರೆ. ಕೈಯಲ್ಲಿ ಎರಡೇ ಚೀಟಿ ಇದ್ದರೆ ಒಂದೊಂದಕ್ಕೆ 3 ಗಂಟೆ. ಆರು ಚೀಟಿಗಳನ್ನೂ ಒಟ್ಟಿಗೆ ಹಿಡಿದರೆ ಒಂದೊಂದಕ್ಕೆ 9 ಗಂಟೆ. ಅಂದರೆ ಆರೂ ಕೆಲಸಗಳು ಕೊನೆಯ ಗಳಿಗೆಯವರೆಗೆ ಅರ್ಧಂಬರ್ಧವೇ ಉಳಿಯುತ್ತವೆ, ಯಾವುದನ್ನೂ ಪರೀಕ್ಷಿಸಲು ಸಮಯವಿರುವುದಿಲ್ಲ. ದುಡಿಮೆ ಎರಡೂ ಕಡೆ ಒಂದೇ. ಆದರೆ ಮೊದಲ ರೀತಿಯಲ್ಲಿ ಮೊದಲನೆಯ ದಿನವೇ ಏನಾದರೂ ತೋರಿಸುವಂತಾಗುತ್ತದೆ.

ಚೀಟಿಯಲ್ಲಿ ಏನು ಬರೆಯಬೇಕು

‘ಸಂವೇದಕದ ಕೆಲಸ’ ಎಂದು ಬರೆದ ಚೀಟಿ ನಿರುಪಯೋಗಿ. ಅದು ಯಾವಾಗ ಮುಗಿಯಿತೆಂದು ಯಾರೂ ಹೇಳಲಾರರು. ಕೆಲಸ ಮುಗಿದಾಗ ನೋಡುವವನ ಕಣ್ಣಿಗೆ ಏನು ಕಾಣುತ್ತದೆಂಬುದನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅದರ ಕೆಳಗೆ ಪರೀಕ್ಷಿಸುವ ಬಗೆ, ಹೊಣೆ ಹೊತ್ತವರ ಹೆಸರು ಮತ್ತು ಕೈಗೆತ್ತಿಕೊಂಡ ವೇಳೆ ಇರಲಿ. ಎರಡು ಗಂಟೆಗಿಂತ ಹೆಚ್ಚು ಹಿಡಿಯುವಂತೆ ತೋರಿದರೆ ಆ ಚೀಟಿಯನ್ನು ಎರಡಾಗಿ ಒಡೆಯಿರಿ.

ಚೀಟಿ ಒಂದೇ ಮನೆಯಲ್ಲಿ ಒಂದು ಕೆಲಸದ ಗಂಟೆ ಕಳೆದಾಗಲೆಲ್ಲ ಫಲಕ ನೋಡಿಕೊಳ್ಳುವ ವಿದ್ಯಾರ್ಥಿ ಅದರ ಮೇಲೆ ಒಂದು ಚುಕ್ಕೆ ಇಡಬೇಕು. ಮೂರು ಚುಕ್ಕೆ ಬಿದ್ದ ಚೀಟಿಯ ಬಳಿ ಹೋಗಿ “ಎಲ್ಲಿ ತಡೆಯಿತು?” ಎಂದು ಕೇಳಬೇಕು. “ಎಷ್ಟು ಮುಗಿಯಿತು?” ಎಂದು ಕೇಳಿದರೆ ಮತ್ತೆ ‘ಬಹುತೇಕ’ ಎಂಬ ಉತ್ತರವೇ ಬರುತ್ತದೆ. ತಡೆ ಇದ್ದರೆ ಚೀಟಿಯ ಮೇಲೆ ಕೆಂಪು ಗುಣಾಕಾರದ ಗುರುತು ಹಾಕಿ, ಏನು ಬೇಕು, ಯಾರಿಂದ ಬೇಕು ಎಂದು ಬರೆಯಬೇಕು.

‘ತೋರಿಸಲು ಸಿದ್ಧ’ ಎಂದರೇನು

ಫಲಕದ ಸತ್ಯವೆಲ್ಲ ಈ ಬಲಬದಿಯ ಮನೆಯಲ್ಲಿದೆ. ಮಾಡಿದವನು ತನ್ನ ಕೈಯಿಂದ ಚೀಟಿಯನ್ನು ಇಲ್ಲಿಗೆ ತರುವಂತಿಲ್ಲ. ಅವನು ‘ಪರೀಕ್ಷೆಗೆ’ ಮನೆಯವರೆಗೆ ಮಾತ್ರ ತರಬಹುದು. ಅಲ್ಲಿಂದ ಮುಂದಕ್ಕೆ ಸರಿಸುವವನು ಬೇರೆ ತಂಡದ ಒಬ್ಬ ಪರೀಕ್ಷಕ. ಅವನು ಈ ಐದು ಮಾತುಗಳನ್ನು ನೋಡಬೇಕು:

1. ವಿದ್ಯುತ್ ತೆಗೆದು ಮತ್ತೆ ಕೊಟ್ಟಾಗ ಯಂತ್ರ ತಾನಾಗಿ ಮೊದಲಿನಿಂದ ನಡೆಯುತ್ತದೆಯೇ?
2. ಚೀಟಿಯಲ್ಲಿ ಬರೆದುದನ್ನು ಮಾತ್ರ ಓದಿ, ಮಾಡಿದವನ ನೆರವಿಲ್ಲದೆ ತಾನೇ ನಡೆಸಲು ಬರುತ್ತದೆಯೇ?
3. ಸತತವಾಗಿ ಮೂರು ಸಲ ಅದೇ ಫಲ ಬರುತ್ತದೆಯೇ?
4. ಬೇಕೆಂದೇ ಒಂದು ಕೆಡುಕು ಮಾಡಿದರೆ, ಉದಾಹರಣೆಗೆ ಒಂದು ತಂತಿ ಬಿಚ್ಚಿದರೆ, ಯಂತ್ರ ಸುಳ್ಳು ಹೇಳುತ್ತದೆಯೇ?
5. ಪ್ರದರ್ಶನದ ಮೇಜಿನ ಮೇಲೆ, ಅಲ್ಲಿ ಸಿಗುವ ವಿದ್ಯುತ್ತಿನಿಂದಲೇ ನಡೆಯುತ್ತದೆಯೇ?

ಮೊದಲ ನಾಲ್ಕಕ್ಕೆ ಸರಿಯಾದ ಉತ್ತರ ದೊರೆತರೆ ಚೀಟಿಯನ್ನು ಬಲಕ್ಕೆ ಸರಿಸಬಹುದು. ಐದನೆಯದನ್ನು ಪ್ರದರ್ಶನದ ಮೇಜು ಹಾಕಿದ ಮೇಲೆ ನೋಡಿ, ಚೀಟಿಯ ಮೂಲೆಯಲ್ಲಿ ಸಹಿ ಮಾಡಬೇಕು. ಯಾವುದಾದರೂ ತಪ್ಪಿದರೆ ಕಾರಣ ಬರೆದು ಚೀಟಿಯನ್ನು ‘ನಡೆದಿದೆ’ ಮನೆಗೆ ಮರಳಿಸಬೇಕು. ಚೀಟಿ ಹಿಂದಕ್ಕೆ ಬಂದರೆ ನಾಚಿಕೆ ಪಡಬೇಕಾಗಿಲ್ಲ. ಸಭೆಯಲ್ಲಿ ಕಾಣಬಹುದಾಗಿದ್ದ ದೋಷ ಕೊಠಡಿಯಲ್ಲಿಯೇ ಕಂಡಿತು.

ಒಂದು ತಂಡದ ಎರಡು ದಿನ

ಈಗ ಒಂದು ಕಲ್ಪಿತ ತಂಡವನ್ನು ತೆಗೆದುಕೊಂಡು ಇದೆಲ್ಲವನ್ನೂ ನಡೆಸಿ ನೋಡೋಣ. ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ ಪ್ರದೇಶ. ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗಾಗಿ ಕಾಯುವ ಹಳ್ಳಿಗಳನ್ನು ನೀವು ಬಲ್ಲಿರಿ. ತೊಟ್ಟಿಯಲ್ಲಿ ನೀರು ಎಷ್ಟಿದೆಯೆಂದು ಮೇಲೆ ಹತ್ತದೆ ತಿಳಿಸುವ ಸಾಧನವನ್ನು ನಾಲ್ವರ ‘ತೊಟ್ಟಿ ತಂಡ’ ಮಾಡಲು ಹೊರಟಿದೆ. ತೊಟ್ಟಿಯ ಬದಲಿಗೆ ಒಂದು ಬಕೆಟ್ ಇಟ್ಟುಕೊಂಡಿದ್ದಾರೆ. ಅವರ ಬಳಿ ಆರ್ಡುಯಿನೋ ಎಂಬ ಚಿಕ್ಕ ಗಣಕ ಹಲಗೆಯಿದೆ. ಶಬ್ದವನ್ನು ಕಳುಹಿಸಿ ಪ್ರತಿಧ್ವನಿಯನ್ನು ಕೇಳುವ ಎಚ್‌ಸಿ-ಎಸ್‌ಆರ್04 ಸಂವೇದಕವಿದೆ.

ತತ್ತ್ವ ಸುಲಭ. ಶಬ್ದವು ಗಾಳಿಯಲ್ಲಿ ಒಂದು ಸೆಂಟಿಮೀಟರ್ ಸಾಗಲು ಸುಮಾರು 29 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಹೋಗಿ ಬರಲು 58. ಆದ್ದರಿಂದ ಪ್ರತಿಧ್ವನಿಯ ಕಾಲವನ್ನು 58ರಿಂದ ಭಾಗಿಸಿದರೆ ನೀರಿನ ಮೇಲ್ಮೈ ಸಂವೇದಕದಿಂದ ಎಷ್ಟು ದೂರದಲ್ಲಿದೆಯೆಂದು ತಿಳಿಯುತ್ತದೆ. ಬಕೆಟ್‌ನ ಆಳ 30 ಸೆಂ.ಮೀ.; ಸಂವೇದಕವನ್ನು ತಳದಿಂದ 35 ಸೆಂ.ಮೀ. ಎತ್ತರಕ್ಕೆ ಕಟ್ಟಿದ್ದಾರೆ. ನೀರು ತುಂಬಿದಾಗ ದೂರ 5, ಅರ್ಧವಿದ್ದಾಗ 20, ಬರಿದಾದಾಗ 35 ಸೆಂ.ಮೀ.

ತಂಡ ಆರು ಚೀಟಿ ಬರೆಯಿತು. ತೊ-1: ನೀರಿನ ದೂರ ಗಣಕದ ಪರದೆಯಲ್ಲಿ ಅಂಕಿಯಾಗಿ ಕಾಣುತ್ತದೆ, ಅದಕ್ಕೂ ಅಳತೆಪಟ್ಟಿಗೂ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿಲ್ಲ. ತೊ-2: ನೀರು ಅರ್ಧ ಅಥವಾ ಹೆಚ್ಚಿದ್ದರೆ ಹಸಿರು ದೀಪ, ಕಡಿಮೆಯಿದ್ದರೆ ಕೆಂಪು ದೀಪ ಹತ್ತುತ್ತದೆ. ತೊ-3: ನೀರು ಕಾಲುಭಾಗಕ್ಕೆ ಇಳಿದರೆ ಗಂಟೆ ಬಾರಿಸುತ್ತದೆ. ತೊ-4: ಅಳತೆಗಳು ಒಂದು ಕಾರ್ಡಿನಲ್ಲಿ ದಾಖಲಾಗುತ್ತವೆ. ತೊ-5: ನೀರು ಮುಗಿದರೆ ಮೊಬೈಲಿಗೆ ಸಂದೇಶ ಹೋಗುತ್ತದೆ. ತೊ-6: ನಾಲ್ಕು ನಿಮಿಷದೊಳಗೆ ಎಲ್ಲವನ್ನೂ ವಿವರಿಸಿ ತೋರಿಸಲಾಗುತ್ತದೆ.

ಮೊದಲ ದಿನ 10 ಗಂಟೆಗೆ ಇಬ್ಬರು ತೊ-1ನ್ನು ಹಿಡಿದರು. ಉಳಿದಿಬ್ಬರು ಎಲ್ಲಕ್ಕಿಂತ ಆಕರ್ಷಕವಾದ ತೊ-5ನ್ನು ಹಿಡಿದರು. ಹನ್ನೊಂದೂವರೆಗೆ ತೊ-1 ‘ಪರೀಕ್ಷೆಗೆ’ ಬಂತು. ಬೇರೆ ತಂಡದ ಹುಡುಗಿಯೊಬ್ಬಳು 20 ಸೆಂ.ಮೀ. ಎತ್ತರಕ್ಕೆ ನೀರು ಹಾಕಿ ನೋಡಿದಳು. ದೂರ 15 ಬರಬೇಕು, ಬಂತು. ವಿದ್ಯುತ್ ತೆಗೆದು ಕೊಟ್ಟು ಮೂರು ಸಲ ನೋಡಿದರೂ ಹಾಗೆಯೇ ಬಂತು. ಕೊನೆಗೆ ಒಂದು ತಂತಿ ಬಿಚ್ಚಿದಾಗ ಪರದೆಯಲ್ಲಿ 0 ಎಂದು ಕಂಡಿತು. ಸಂವೇದಕವನ್ನು ನೀರಿನಿಂದ 5 ಸೆಂ.ಮೀ. ಮೇಲೆಯೇ ಕಟ್ಟಿರುವುದರಿಂದ 0 ಎಂಬುದು ನೀರಿನ ಅಳತೆಯಲ್ಲವೆಂದು ಓದುವವನಿಗೆ ತಿಳಿಯುತ್ತದೆ. ಆದುದರಿಂದ ‘0 ಎಂದರೆ ಅಳತೆಯಿಲ್ಲ’ ಎಂದು ಚೀಟಿಯಲ್ಲಿ ಬರೆಸಿ ಅದನ್ನು ಬಲಕ್ಕೆ ಸರಿಸಿದಳು.

ತೊ-2 ಮಧ್ಯಾಹ್ನ ಎರಡೂವರೆಗೆ ಪರೀಕ್ಷೆಗೆ ಬಂತು. ನೀರು ಹಾಕಿದಾಗ ಹಸಿರು, ತೆಗೆದಾಗ ಕೆಂಪು, ಎಲ್ಲವೂ ಸರಿ. ಆಗ ಅವಳು ಬಕೆಟ್ ಬರಿದು ಮಾಡಿ, ಸಂವೇದಕಕ್ಕೆ ಆಜ್ಞೆ ಒಯ್ಯುವ ತಂತಿಯನ್ನು ಬಿಚ್ಚಿದಳು. ಹಸಿರು ದೀಪ ಹತ್ತಿತು! ಬರಿದಾದ ಬಕೆಟ್‌ನ ಮೇಲೆ ‘ನೀರು ಸಾಕಷ್ಟಿದೆ’ ಎಂಬ ಗುರುತು.

ಇದರ ಕಾರಣವನ್ನು ಗಮನವಿಟ್ಟು ತಿಳಿಯಿರಿ. ಕಾರ್ಯಕ್ರಮದಲ್ಲಿ ಪ್ರತಿಧ್ವನಿಗಾಗಿ ಕಾಯುವ `pulseIn` ಎಂಬ ಆಜ್ಞೆ, ನಿಗದಿಯಾದ ಹೊತ್ತಿನಲ್ಲಿ ಪ್ರತಿಧ್ವನಿ ಬರದಿದ್ದರೆ 0 ಎಂಬ ಉತ್ತರ ಕೊಡುತ್ತದೆ. 0ಯನ್ನು 58ರಿಂದ ಭಾಗಿಸಿದರೆ ದೂರವೂ 0. ಪರದೆಯ ಮೇಲಿನ 0ಯನ್ನು ಮನುಷ್ಯ ಸಂಶಯಿಸಬಲ್ಲ, ದೀಪ ಸಂಶಯಿಸಲಾರದು. ದೂರ 20ಕ್ಕಿಂತ ಕಡಿಮೆಯಿದ್ದರೆ ಹಸಿರು ಎಂದು ಬರೆದಿದ್ದಾರೆ, 0 ಎಂಬುದು 20ಕ್ಕಿಂತ ಕಡಿಮೆಯೇ. ಹೀಗಾಗಿ ‘ಅಳತೆ ಸಿಗಲಿಲ್ಲ’ ಎಂಬುದು ‘ತೊಟ್ಟಿ ತುಂಬಿದೆ’ ಎಂದಾಗಿಬಿಟ್ಟಿತು. ನಿಜವಾದ ತೊಟ್ಟಿಯ ಮೇಲೆ ಇಲಿ ತಂತಿ ಕಡಿದರೂ ಇದೇ ಗತಿ. ಊರಿನವರು ಹಸಿರು ದೀಪ ನಂಬಿ ಟ್ಯಾಂಕರ್ ಕರೆಯದೆ ಕುಳಿತಿರುತ್ತಾರೆ. ಚೀಟಿ ಹಿಂದಕ್ಕೆ ಹೋಯಿತು. ತಂಡದವರು ಇಷ್ಟು ಸೇರಿಸಿದರು:

```
long t = pulseIn(ECHO, HIGH, 30000);
long cm = t / 58;
bool ok = (t > 0 && cm <= 20);
digitalWrite(GREEN, ok ? HIGH : LOW);
digitalWrite(RED, ok ? LOW : HIGH);
```

ಪ್ರತಿಧ್ವನಿ ಬಂದಿರಬೇಕು, ದೂರವೂ 20ರೊಳಗಿರಬೇಕು. ಎರಡೂ ಕೂಡಿದರೆ ಮಾತ್ರ ಹಸಿರು. ಇಲ್ಲವಾದರೆ ಕೆಂಪು. ಈಗ ತಂತಿ ಬಿಚ್ಚಿದರೆ ಕೆಂಪು ದೀಪವೇ ಹತ್ತುತ್ತದೆ, ಯಾರಾದರೂ ಬಂದು ನೋಡುತ್ತಾರೆ. ಮೂರು ಮುಕ್ಕಾಲಿಗೆ ತೊ-2 ‘ತೋರಿಸಲು ಸಿದ್ಧ’ ಮನೆ ಸೇರಿತು.

ಇತ್ತ ತೊ-5ರ ಮೇಲೆ ಒಂದು ಗಂಟೆಯ ಹೊತ್ತಿಗೇ ಮೂರು ಚುಕ್ಕೆ ಬಿದ್ದಿದ್ದವು. ಕೇಳಿದಾಗ ಕಾರಣ ಹೊರಬಂತು: ಸಂದೇಶ ಕಳುಹಿಸಲು ಹೊರಟಾಗಲೆಲ್ಲ ಯಂತ್ರ ನಿಂತು ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಅವರು ಬಳಸಿದ ಮೊಬೈಲ್ ಸಂದೇಶದ ಬಿಡಿಹಲಗೆಗೆ ಕಳುಹಿಸುವ ಕ್ಷಣದಲ್ಲಿ 2 ಆಂಪಿಯರ್ ವರೆಗೆ ವಿದ್ಯುತ್ ಬೇಕು. ಗಣಕದ ಸಾಮಾನ್ಯ ಯುಎಸ್‌ಬಿ ಕಿಂಡಿಯಿಂದ ನಂಬಬಹುದಾದುದು ಅರ್ಧ ಆಂಪಿಯರ್ ಮಾತ್ರ. ಕಾರ್ಯಕ್ರಮವನ್ನು ಎಷ್ಟು ತಿದ್ದಿದರೂ ಇದು ಸರಿಹೋಗದು. ಬೇರೆ ವಿದ್ಯುತ್ ಮೂಲವೇ ಬೇಕು. ಕೆಂಪು ಗುರುತು ಹಾಕಿ ‘2 ಆಂಪಿಯರ್ ಮೂಲ ಬೇಕು’ ಎಂದು ಬರೆದರು. ನಾಲ್ಕು ಗಂಟೆಯವರೆಗೂ ಅದು ದೊರೆಯದ್ದರಿಂದ ಚೀಟಿಯನ್ನು ‘ಬಿಟ್ಟದ್ದು’ ಪಟ್ಟಿಗೆ ಇಳಿಸಿದರು. ಇಬ್ಬರ ಕೈ ತೆರವಾಯಿತು, ಅವರು ತೊ-3ನ್ನು ಹಿಡಿದರು.

ಎರಡನೆಯ ದಿನಕ್ಕೆ ಎರಡು ಗಡುವುಗಳಿವೆ. 11ರ ನಂತರ ಯಾವ ಹೊಸ ಚೀಟಿಯನ್ನೂ ಎತ್ತಿಕೊಳ್ಳುವಂತಿಲ್ಲ. 12ರ ನಂತರ ಕಾರ್ಯಕ್ರಮದ ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. 12ರಿಂದ 1 ಮೇಜಿನ ಮೇಲಿನ ತಾಲೀಮಿಗೆ, 2ಕ್ಕೆ ಪ್ರದರ್ಶನ. ತೊಟ್ಟಿ ತಂಡದ ತೊ-3 ಹತ್ತು ಗಂಟೆಗೆ ಸಿದ್ಧವಾಯಿತು. ತೊ-4 ಹನ್ನೆರಡಾದರೂ ಪರೀಕ್ಷೆಗೆ ಬರಲಿಲ್ಲ, ಅದೂ ‘ಬಿಟ್ಟದ್ದು’ ಸೇರಿತು. ಅದನ್ನು ತೆಗೆದ ಮೇಲೆ ತೊ-3ರವರೆಗಿನ, ಪರೀಕ್ಷೆಯಾದ ಕಾರ್ಯಕ್ರಮವನ್ನೇ ಯಂತ್ರಕ್ಕೆ ಮರಳಿ ಹಾಕಿದರು. ಇದಕ್ಕಾಗಿ ಪ್ರತಿ ಚೀಟಿ ಸಿದ್ಧವಾದಾಗ ಕಾರ್ಯಕ್ರಮದ ಒಂದು ಪ್ರತಿಯನ್ನು ಚೀಟಿಯ ಸಂಖ್ಯೆಯೊಡನೆ ಬೇರೆ ಇಟ್ಟಿರಬೇಕು.

ತಾಲೀಮಿನಲ್ಲಿ ಕೊನೆಯ ತೊಡಕು ಕಂಡಿತು. ಎರಡೂ ದಿನ ಯಂತ್ರಕ್ಕೆ ಗಣಕದಿಂದಲೇ ವಿದ್ಯುತ್ ಬರುತ್ತಿತ್ತು. ಪ್ರದರ್ಶನದ ಮೇಜಿನ ಮೇಲೆ ಗಣಕವಿಲ್ಲ! ಮೊಬೈಲಿನ ಚಾರ್ಜರ್ ಜೋಡಿಸಿದರು. ದೀಪಗಳೂ ಗಂಟೆಯೂ ನಡೆದವು. ಆದರೆ ತೊ-1ರ ಅಂಕಿ ನೋಡಲು ಪರದೆ ಬೇಕಷ್ಟೆ. ಅದಕ್ಕಾಗಿ ಆ ಚೀಟಿಗೆ ಐದನೆಯ ಸಹಿ ಬೀಳಲಿಲ್ಲ, ಅದನ್ನು ತೋರಿಸುವ ಪಟ್ಟಿಯಿಂದ ಕೈಬಿಟ್ಟರು. ಮೂರು ಚೀಟಿಗಳ ಕೆಲಸವನ್ನು ಸಭೆಯಲ್ಲಿ ತೋರಿಸಿದರು: ದೀಪ, ಗಂಟೆ, ವಿವರಣೆ. ತಂತಿ ಬಿಚ್ಚಿ ಕೆಂಪು ದೀಪ ಹತ್ತುವುದನ್ನೂ ತೋರಿಸಿದರು.

ಫಲಕ ಸುಳ್ಳಾಗುವುದು ಹೇಗೆ

ಚೆನ್ನಾಗಿ ಗೆರೆ ಎಳೆದ ಫಲಕವೂ ಸುಳ್ಳಾಗಬಲ್ಲದು. ಅದನ್ನು ಗುರುತಿಸುವ ಲಕ್ಷಣಗಳಿವೆ. ಎಲ್ಲರೂ ಓಡಾಡುತ್ತಿದ್ದು ಒಂದು ಗಂಟೆ ಕಾಲ ಯಾವ ಚೀಟಿಯೂ ಸರಿಯದಿದ್ದರೆ, ಚೀಟಿಗಳಲ್ಲಿ ಇಲ್ಲದ ಕೆಲಸ ನಡೆದಿದೆ ಎಂದು ತಿಳಿಯಬೇಕು. ಎರಡು ದಿನವೂ ಒಂದು ಚೀಟಿಯಾದರೂ ಹಿಂದಕ್ಕೆ ಹೋಗದಿದ್ದರೆ, ಪರೀಕ್ಷಕರು ಗೆಳೆತನಕ್ಕೆ ಕಟ್ಟುಬಿದ್ದು ನೋಡದೆಯೇ ಸರಿಸುತ್ತಿದ್ದಾರೆಂದು ಸಂಶಯಿಸಬೇಕು. ‘ಪರೀಕ್ಷೆಗೆ’ ಮನೆಯಲ್ಲಿ ಚೀಟಿಗಳು ಗುಂಪುಗೂಡಿದರೆ ಪರೀಕ್ಷಕರು ಸಾಲುತ್ತಿಲ್ಲ. ಆಗ ಹೊಸ ಚೀಟಿ ಎತ್ತಿಕೊಳ್ಳುವುದನ್ನು ನಿಲ್ಲಿಸಿ, ತಂಡಕ್ಕೊಬ್ಬರು ಪರೀಕ್ಷೆಗೆ ಬರಬೇಕು.

ಫಲಕ ಓದುವಾಗ ಬಲದಿಂದ ಎಡಕ್ಕೆ ಓದಿರಿ. ಎಡದಿಂದ ಓದಿದರೆ ಮಾಡಬೇಕಾದ ಆಸೆಗಳೇ ಮೊದಲು ಕಾಣುತ್ತವೆ. ಬಲದಿಂದ ಓದಿದರೆ ಈ ಕ್ಷಣ ಸಭೆ ಸೇರಿದರೆ ಏನು ತೋರಿಸಬಲ್ಲೆವು, ಅದಕ್ಕೆ ಅತಿ ಸಮೀಪದ ಚೀಟಿ ಯಾವುದು ಎಂಬುದು ಮೊದಲು ತಿಳಿಯುತ್ತದೆ. ದಿನಕ್ಕೆ ಮೂರು ಸಲ, ಪ್ರತಿ ಸಲ ಹತ್ತು ನಿಮಿಷ, ಎಲ್ಲ ತಂಡಗಳೂ ಫಲಕದ ಮುಂದೆ ನಿಂತು ಹೀಗೆ ಓದಿದರೆ ಸಾಕು.

ಒಂದು ಮಿತಿಯನ್ನು ಮಾತ್ರ ಮರೆಯಬಾರದು. ಚೀಟಿಗಳನ್ನು ಎಣಿಸಿ ತಂಡಗಳಿಗೆ ಬಹುಮಾನ ಕೊಡಕೂಡದು. ಹಾಗೆ ಮಾಡಿದರೆ ಒಂದೇ ಕೆಲಸವನ್ನು ಹತ್ತು ಚೂರು ಮಾಡಿ ಹತ್ತು ಚೀಟಿ ಬರೆಯುವವರು ಗೆಲ್ಲುತ್ತಾರೆ. ಕಲ್ಪನೆ ಒಳ್ಳೆಯದೋ ಅಲ್ಲವೋ ಎಂಬುದನ್ನೂ ಫಲಕ ಹೇಳದು. ಯಾವ ಕೆಲಸ ನಿಜವಾಗಿಯೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಪ್ರದರ್ಶನ ಮುಗಿದ ಮೇಲೆ ‘ಬಿಟ್ಟದ್ದು’ ಪಟ್ಟಿಯ ಚೀಟಿಗಳನ್ನು ಹರಿದು ಎಸೆಯಬೇಡಿ. ತೊ-5ರ ಮೇಲೆ ‘2 ಆಂಪಿಯರ್ ಮೂಲ ಬೇಕು’ ಎಂದು ಬರೆದಿದೆಯಲ್ಲವೇ? ಮುಂದಿನ ಸಲದ ತಂಡ ಮೂರು ಗಂಟೆ ಹುಡುಕಿ ಕಂಡುಕೊಳ್ಳಬೇಕಾದ ಮಾತನ್ನು ಆ ಚೀಟಿ ಆರಂಭದಲ್ಲಿಯೇ ಹೇಳಿಬಿಡುತ್ತದೆ. ಅವುಗಳನ್ನು ಒಂದು ವಹಿಯಲ್ಲಿ ಅಂಟಿಸಿ ಪ್ರಯೋಗಶಾಲೆಯ ಕಪಾಟಿನಲ್ಲಿ ಇಡಿರಿ.